ಅಧಿಕಾರ ಕೊಟ್ಟದ್ದು ಯಾರಿಗೆ, ಎಷ್ಟು? ಕಂಪನಿಯ ನಿರ್ಣಯ ಕನ್ನಡಕ್ಕೆ ಬರುವಾಗ

ತುಮಕೂರಿನ ಹತ್ತಿರ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದಿಟ್ಟುಕೊಳ್ಳೋಣ. ನಾಲ್ವರು ನಿರ್ದೇಶಕರು. ಕಾರ್ಖಾನೆಯ ಕಾಂಪೌಂಡಿಗೆ ಹೊಂದಿಕೊಂಡೇ, ಕೈಗಾರಿಕೆಗೆಂದು ಭೂಪರಿವರ್ತನೆಯಾದ ಒಂದು ಎಕರೆ ಹತ್ತು ಗುಂಟೆ ಜಾಗ ಮಾರಾಟಕ್ಕೆ ಬಂದಿದೆ. ಮಂಡಳಿ ಸಭೆ ಸೇರಿ ಕೊಳ್ಳುವುದೆಂದು ಒಪ್ಪಿದೆ. ಆ ಒಪ್ಪಿಗೆ ಇಂಗ್ಲಿಷಿನಲ್ಲಿ, ನಡವಳಿ ಪುಸ್ತಕದ ಅರ್ಧ ಪುಟದಲ್ಲಿ ಭದ್ರವಾಗಿದೆ. ಮುಂದಿನ ಕೆಲಸ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ.

ಕಂಪನಿಗೆ ಕೈಯಿಲ್ಲ, ಹೆಬ್ಬೆಟ್ಟಿಲ್ಲ. ಅದರ ಪರವಾಗಿ ಒಬ್ಬ ಮನುಷ್ಯ ಹೋಗಿ ಸಹಿ ಹಾಕಬೇಕು, ಆ ಮನುಷ್ಯನಿಗೆ ಆ ಅಧಿಕಾರ ಇದೆಯೆಂದು ತೋರಿಸುವ ಕಾಗದ ಬೇಕು. ನಿರ್ದೇಶಕ ಮಂಡಳಿಯ ನಿರ್ಣಯವೇ ಆ ಕಾಗದ. ಕ್ರಯಪತ್ರ ಬರೆಯುವವರು ಅದರ ಸಾರಾಂಶವನ್ನು ಪತ್ರದ ಮೊದಲ ಭಾಗದಲ್ಲೇ ಸೇರಿಸುತ್ತಾರೆ. ಪತ್ರ ಕನ್ನಡದಲ್ಲಿದ್ದರೆ ನಿರ್ಣಯವೂ ಕನ್ನಡದಲ್ಲಿ ಬೇಕು. ಕಾನೂನೂ ಇದಕ್ಕೆ ದಾರಿ ಮಾಡಿದೆ. ನೋಂದಣಿಗೆ ತಂದ ದಸ್ತಾವೇಜು ಅಧಿಕಾರಿಗೆ ತಿಳಿಯದ, ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯಲ್ಲಿದ್ದರೆ, ಬಳಕೆಯ ಭಾಷೆಗೆ ಮಾಡಿದ ನಿಜವಾದ ಅನುವಾದ ಜೊತೆಗಿರಬೇಕೆಂದು 1908ರ ನೋಂದಣಿ ಕಾಯ್ದೆಯ 19ನೇ ಕಲಮು ಹೇಳುತ್ತದೆ. ನಮ್ಮ ಜಿಲ್ಲೆಗಳಲ್ಲಿ ಇಂಗ್ಲಿಷ್ ನಡೆಯುವುದಿಲ್ಲವೆಂದಲ್ಲ. ಆದರೆ ಕನ್ನಡದ ಕ್ರಯಪತ್ರದ ಜೊತೆಗೆ ಕನ್ನಡದ ನಿರ್ಣಯ ಇದ್ದರೆ ಎರಡನ್ನೂ ಸಾಲು ಸಾಲು ಹೊಂದಿಸಿ ನೋಡಬಹುದು. ಮನೆಯವರೇ ಸೇರಿ ನಡೆಸುವ ಕಂಪನಿಗಳಲ್ಲಿ ಇನ್ನೂ ಒಂದು ಕಾರಣ ಇರುತ್ತದೆ. ನಿರ್ದೇಶಕರಲ್ಲಿ ಒಬ್ಬರು ಕನ್ನಡ ಮಾತ್ರ ಓದಬಲ್ಲ ಹಿರಿಯರು. ತಾವು ಯಾವುದಕ್ಕೆ ಒಪ್ಪಿದೆವು ಎಂದು ಅವರಿಗೂ ತಿಳಿಯಬೇಕು.

ಪಾವತಿಯಾದ ಷೇರು ಬಂಡವಾಳ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿರುವ ಪ್ರೈವೇಟ್ ಕಂಪನಿ ಪೂರ್ಣಾವಧಿ ಕಂಪನಿ ಕಾರ್ಯದರ್ಶಿಯನ್ನು ಇಟ್ಟುಕೊಳ್ಳಲೇಬೇಕು. ಸಭೆಯ ನಡವಳಿ ಬರೆಯುವುದು, ಅದರಿಂದ ತೆಗೆದ ನಿರ್ಣಯದ ಪ್ರತಿಗೆ ದೃಢೀಕರಿಸಿ ಸಹಿ ಹಾಕುವುದು ಸಾಮಾನ್ಯವಾಗಿ ಅವರದೇ ಕೆಲಸ. ಕನ್ನಡಕ್ಕೆ ತರುವ ಕೆಲಸ ಮಾತ್ರ ಹೊರಗಿನವರ ಪಾಲಾಗುತ್ತದೆ. ಕಾರ್ಯದರ್ಶಿ ಕಂಪನಿ ಕಾನೂನು ಓದಿದ್ದು ಇಂಗ್ಲಿಷಿನಲ್ಲಿ. ಅನುವಾದಕರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಆದರೆ ಕಂಪನಿಯ ಸಭೆ ಹೇಗೆ ನಡೆಯುತ್ತದೆಂದು ಗೊತ್ತಿರುವುದಿಲ್ಲ. ತಪ್ಪುಗಳು ನುಸುಳುವುದು ಈ ಸಂದಿನಲ್ಲಿ.

ಮೊದಲ ತಪ್ಪು ಕಣ್ಣಿಗೆ ಬೀಳುವಂಥದ್ದೇ ಅಲ್ಲ. ನಮ್ಮ ಕಂಪನಿಯ ಇಂಗ್ಲಿಷ್ ನಿರ್ಣಯ ‘ರಿಸಾಲ್ವ್ಡ್ ದಟ್’ ಎಂದು ಶುರುವಾಗಿ, ವ್ಯವಸ್ಥಾಪಕ ನಿರ್ದೇಶಕರು ‘ಬಿ ಅಂಡ್ ಆರ್ ಹಿಯರ್‌ಬೈ ಆಥರೈಸ್ಡ್’ ಎಂದು ಮುಂದುವರಿಯುತ್ತದೆ. ಸಹಕಾರ ಸಂಘದ, ಪಂಚಾಯಿತಿಯ ಠರಾವುಗಳನ್ನು ಓದಿ ರೂಢಿಯಾದ ಕೈ ಇದನ್ನು ‘ಅಧಿಕಾರ ನೀಡಲು ತೀರ್ಮಾನಿಸಲಾಯಿತು’ ಎಂದು ಬರೆದುಬಿಡುತ್ತದೆ. ಕಿವಿಗೆ ಸರಿಯಾಗಿಯೇ ಕೇಳುತ್ತದೆ. ಆದರೆ ಅಧಿಕಾರ ನೀಡಲು ತೀರ್ಮಾನಿಸುವುದು ಒಂದು, ಅಧಿಕಾರ ನೀಡುವುದು ಇನ್ನೊಂದು. ಮೊದಲನೆಯದರಲ್ಲಿ ಮಂಡಳಿ ಮುಂದೆಂದೋ ಕೊಡುವ ಮನಸ್ಸು ಮಾಡಿದೆ ಅಷ್ಟೆ. ಕೊಟ್ಟ ಕಾಗದ ಎಲ್ಲಿ ಎಂದು ನಾಳೆ ಎದುರು ಪಕ್ಷದ ವಕೀಲರು ಕೇಳಬಹುದು. ಸಂಘದ ಠರಾವಿನಲ್ಲಿ ಈ ಮಾತು ನಡೆದುಹೋಗುತ್ತದೆ, ಏಕೆಂದರೆ ಅಲ್ಲಿ ಠರಾವಿನ ಹಿಂದೆ ಸಾಮಾನ್ಯವಾಗಿ ಕಾರ್ಯದರ್ಶಿಯ ಒಂದು ಆದೇಶವೋ ಪತ್ರವೋ ಹೊರಡುತ್ತದೆ. ಕಂಪನಿಯ ನಿರ್ಣಯದ ಹಿಂದೆ ಬೇರೇನೂ ಬರುವುದಿಲ್ಲ. ಆ ವಾಕ್ಯವೇ ಕೊಡುವ ಕೈ.

ಹಾಗಾದರೆ ‘ನೀಡಲಾಗುತ್ತದೆ’ ಎನ್ನೋಣವೇ? ಕಂಪನಿ ಕಾರ್ಯದರ್ಶಿಗಳ ಸಂಸ್ಥೆ ಹೊರಡಿಸಿರುವ, 2013ರ ಕಂಪನಿ ಕಾಯ್ದೆಯ 118ನೇ ಕಲಮಿನ ಬಲದಿಂದ ಕಂಪನಿಗಳು ಪಾಲಿಸಲೇಬೇಕಾದ ಮಾನದಂಡದ ಪ್ರಕಾರ ನಡವಳಿ ಭೂತಕಾಲದಲ್ಲಿ, ಪ್ರಥಮಪುರುಷದಲ್ಲಿ ಇರಬೇಕು. ನಿರ್ಣಯ ಮಾತ್ರ ವರ್ತಮಾನಕಾಲದಲ್ಲಿ. ಇಂಗ್ಲಿಷಿಗೆ ಈ ನಿಯಮ ಸಲೀಸು. ಕನ್ನಡದಲ್ಲಿ ‘-ತ್ತದೆ’ ಎಂಬುದು ಇವತ್ತಿಗೂ ಆಗುತ್ತದೆ, ನಾಳೆಗೂ ಆಗುತ್ತದೆ. ‘ಕಂಪನಿ ಜಾಗವನ್ನು ಕೊಳ್ಳುತ್ತದೆ’ ಎಂದರೆ ಈಗಲೋ ಮುಂದೋ ಗೊತ್ತಾಗುವುದಿಲ್ಲ. ಇದಕ್ಕೆ ಉತ್ತರ ನಮ್ಮ ಸರ್ಕಾರಿ ಆದೇಶಗಳಲ್ಲೇ ಇದೆ. ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂಬ ತಲೆಬರಹದ ಆದೇಶ ಓದಿದವರಿಗೆ ಗೊತ್ತು: ಮೊದಲು ಪ್ರಸ್ತಾವನೆ, ಅದರಲ್ಲಿ ನಡೆದ ಸಂಗತಿಗಳು, ನಂತರ ಆದೇಶ, ಅದರಲ್ಲಿ ‘ಮಂಜೂರಾತಿ ನೀಡಿದೆ’, ‘ಆದೇಶಿಸಿದೆ’. ಕೆಲಸ ಈ ಮಾತಿನಲ್ಲೇ ಮುಗಿದು ಜಾರಿಯಲ್ಲಿದೆ ಎನ್ನುವ ರೂಪ ಅದು. ಕಂಪನಿಯ ನಿರ್ಣಯಕ್ಕೆ ‘ಈ ಮೂಲಕ ಅಧಿಕಾರ ನೀಡಿದೆ’ ಎಂಬುದೇ ಹೊಂದುತ್ತದೆ. ‘ನೀಡಲಾಗಿದೆ’ ಎಂದರೂ ತಪ್ಪಿಲ್ಲ, ಆದರೆ ಕೊಟ್ಟವರು ಯಾರು ಎಂಬುದು ಮಸುಕಾಗುತ್ತದೆ. ಮಂಡಳಿ ಕೊಟ್ಟಿತು ಎನ್ನಲು ಸಂಕೋಚ ಏಕೋ ನನಗೆ ತಿಳಿಯದು.

ಇನ್ನು ವಾಕ್ಯದ ಉದ್ದ. ಇಂಗ್ಲಿಷಿನಲ್ಲಿ ‘ನಿರ್ಣಯಿಸಿದೆ’ ಎಂಬುದು ಮೊದಲ ಪದವಾಗಿ ಬಂದು, ಹಿಂದೆ ಎಷ್ಟು ಉದ್ದದ ಬಾಲ ಬಂದರೂ ಓದುಗ ಕಾಯಬೇಕಿಲ್ಲ. ಕನ್ನಡದ ಕ್ರಿಯಾಪದ ಕೊನೆಗೆ ಬರುತ್ತದೆ. ಸರ್ವೆ ನಂಬರು, ಚೆಕ್ಕುಬಂದಿ, ಮೊತ್ತ, ಕಲಮುಗಳು ಎಲ್ಲ ದಾಟಿದ ಮೇಲೆ ಏನಾಯಿತೆಂದು ತಿಳಿಯುವ ಹೊತ್ತಿಗೆ ಯಾರ ವಿಷಯ ಎಂಬುದೇ ಮರೆತಿರುತ್ತದೆ. ಹಳೆಯ ಪತ್ರ ಬರಹಗಾರರು ಇದನ್ನು ಎಂದೋ ಬಗೆಹರಿಸಿದ್ದಾರೆ. ‘ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’ ಎಂದು ಅವರು ಶುರುಮಾಡುವುದನ್ನು ನಾವು ಹಳೆಯ ಶೈಲಿಯೆಂದು ನಗುತ್ತೇವೆ. ಆದರೆ ಆ ‘ಏನೆಂದರೆ’ ಮುಖ್ಯ ಕ್ರಿಯೆಯನ್ನು ಮುಂದಕ್ಕೆ ತಂದು, ಉಳಿದದ್ದನ್ನು ಬಿಡಿಬಿಡಿಯಾಗಿ ಹೇಳಲು ಜಾಗ ಮಾಡಿಕೊಡುತ್ತದೆ. ನಮ್ಮ ಉದಾಹರಣೆಯ ನಿರ್ಣಯವನ್ನು ಆ ದಾರಿಯಲ್ಲಿ ಹೀಗೆ ಬರೆಯಬಹುದು:

“ಮಂಡಳಿಯು ನಿರ್ಣಯಿಸಿರುವುದೇನೆಂದರೆ: ಅನುಸೂಚಿಯಲ್ಲಿ ವಿವರಿಸಿರುವ ಸ್ವತ್ತನ್ನು, ಒಂದು ಕೋಟಿ ಎಂಬತ್ತು ಲಕ್ಷ ರೂಪಾಯಿಗಳನ್ನು ಮೀರದ ಪ್ರತಿಫಲಕ್ಕೆ, ಕಂಪನಿಯ ಹೆಸರಿನಲ್ಲಿ ಖರೀದಿಸಲು ಈ ಮೂಲಕ ಅನುಮೋದನೆ ನೀಡಿದೆ.

ಮುಂದುವರಿದು ನಿರ್ಣಯಿಸಿರುವುದೇನೆಂದರೆ: ವ್ಯವಸ್ಥಾಪಕ ನಿರ್ದೇಶಕರಾದ ಶ್ರೀ ............ ಮತ್ತು ಹಣಕಾಸು ನಿರ್ದೇಶಕರಾದ ಶ್ರೀಮತಿ ............ ಇವರಲ್ಲಿ ಯಾರೊಬ್ಬರೇ ಆಗಲಿ, ಇನ್ನೊಬ್ಬರ ಸಹಿಯ ಅಗತ್ಯವಿಲ್ಲದೆ, ಕಂಪನಿಯ ಪರವಾಗಿ ಸದರಿ ಸ್ವತ್ತಿನ ಕ್ರಯಪತ್ರಕ್ಕೆ ಸಹಿ ಮಾಡಲು ಮತ್ತು ಉಪನೋಂದಣಾಧಿಕಾರಿಯವರ ಮುಂದೆ ಹಾಜರಾಗಿ ಅದನ್ನು ನೋಂದಾಯಿಸಿಕೊಳ್ಳಲು ಈ ಮೂಲಕ ಅಧಿಕಾರ ನೀಡಿದೆ.

ಮುಂದುವರಿದು ನಿರ್ಣಯಿಸಿರುವುದೇನೆಂದರೆ: ಸದರಿ ಸ್ವತ್ತಿನ ಬಾಬ್ತು ವ್ಯವಸ್ಥಾಪಕ ನಿರ್ದೇಶಕರು ಈಗಾಗಲೇ ಮುಂಗಡವಾಗಿ ಪಾವತಿಸಿರುವ ಐದು ಲಕ್ಷ ರೂಪಾಯಿಗಳ ಪಾವತಿಯನ್ನು ಈ ಮೂಲಕ ಸ್ಥಿರೀಕರಿಸಿದೆ.”

ಮೂರು ಪ್ಯಾರಾಗಳಿಗೂ ಸಂಖ್ಯೆ ಹಾಕಬೇಕೆಂದು ಕೈ ತುರಿಸುತ್ತದೆ. ಮೂಲದಲ್ಲಿ ಸಂಖ್ಯೆ ಇಲ್ಲದಿದ್ದರೆ ಹಾಕಬಾರದು. ನಾಳೆ ಬ್ಯಾಂಕಿನವರು ‘ನಿರ್ಣಯದ 2ನೇ ಅಂಶ’ ಎಂದು ಪತ್ರ ಬರೆದರೆ ನಡವಳಿ ಪುಸ್ತಕದಲ್ಲಿ ಅಂಥ ಅಂಶವೇ ಇರುವುದಿಲ್ಲ.

ಎರಡನೆಯ ಪ್ಯಾರಾದಲ್ಲಿ ‘ಇವರಲ್ಲಿ ಯಾರೊಬ್ಬರೇ ಆಗಲಿ’ ಎಂಬ ಮಾತು ಏಕೆ ಅಷ್ಟು ಎಳೆದಂತಿದೆ? ಇಂಗ್ಲಿಷಿನಲ್ಲಿ ಅಲ್ಲಿ ಇರುವುದು ‘ಸೆವೆರಲಿ’ ಎಂಬ ಒಂದೇ ಪದ. ಅದನ್ನು ಬಿಟ್ಟು ‘ಶ್ರೀ ಇಂಥವರು ಮತ್ತು ಶ್ರೀಮತಿ ಇಂಥವರಿಗೆ ಅಧಿಕಾರ ನೀಡಿದೆ’ ಎಂದು ಬರೆದ ಅನುವಾದಗಳು ಬೇಕಾದಷ್ಟಿವೆ. ಹಾಗೆ ಬರೆದರೆ ಓದಿದವರು ಇಬ್ಬರೂ ಸೇರಿಯೇ ಸಹಿ ಹಾಕಬೇಕೆಂದು ತಿಳಿಯುತ್ತಾರೆ, ತಿಳಿಯುವುದು ಸರಿಯೂ ಹೌದು. ನೋಂದಣಿಗೆ ಗೊತ್ತುಮಾಡಿದ ದಿನ ಒಬ್ಬರು ಪುಣೆಯಲ್ಲಿದ್ದರೆ ಆ ದಿನದ ಕೆಲಸ ಕೆಟ್ಟಿತು. ಇದರ ತಿರುವುಮುರುವು ಇನ್ನೂ ಅಪಾಯ: ಇಬ್ಬರೂ ಸೇರಿಯೇ ಸಹಿ ಹಾಕಬೇಕೆಂದು ಮಂಡಳಿ ಹೇಳಿದ್ದು, ಅನುವಾದ ‘ಅಥವಾ’ ಎಂದರೆ, ಒಬ್ಬರೇ ಹೋಗಿ ಸಹಿ ಹಾಕಿದ ಪತ್ರ ಕಂಪನಿಯನ್ನು ಕಟ್ಟಿಹಾಕುತ್ತದೋ ಇಲ್ಲವೋ ಎಂಬ ತಕರಾರಿಗೆ ಬಾಗಿಲು ತೆರೆಯುತ್ತದೆ. ‘ಜಂಟಿಯಾಗಿ’, ‘ಪ್ರತ್ಯೇಕವಾಗಿ’ ಎಂಬ ಪದಗಳು ಪದಕೋಶದಲ್ಲಿ ಸಿಗುತ್ತವೆ. ಆದರೆ ಅವುಗಳ ಪಕ್ಕದಲ್ಲೇ ‘ಇಬ್ಬರೂ ಸೇರಿಯೇ’, ‘ಇನ್ನೊಬ್ಬರ ಸಹಿಯ ಅಗತ್ಯವಿಲ್ಲದೆ’ ಎಂದು ಬಿಡಿಸಿ ಹೇಳುವುದು ಲೇಸು. ಇದು ಮೂಲಕ್ಕೆ ಸೇರಿಸಿದ್ದಲ್ಲ, ಮೂಲದಲ್ಲಿರುವುದನ್ನೇ ಕಾಣುವಂತೆ ಇಟ್ಟದ್ದು.

ಮೊತ್ತದ ಮಾತೂ ಹಾಗೆಯೇ. ‘ಪ್ರತಿಫಲ’ ಎಂದರೆ ಮಾರುವವರಿಗೆ ಸಲ್ಲುವ ಹಣ. ಅದರ ಬದಲು ‘ವೆಚ್ಚ’ ಎಂದು ಬರೆದರೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ವಕೀಲರ ಫೀಸು ಎಲ್ಲ ಸೇರಿ ಒಂದು ಕೋಟಿ ಎಂಬತ್ತು ಲಕ್ಷದೊಳಗೆ ಮುಗಿಯಬೇಕೆಂದಾಗುತ್ತದೆ. ಕ್ರಯದ ಮೊತ್ತವೇ ಒಂದು ಕೋಟಿ ಎಪ್ಪತ್ತೆಂಟು ಲಕ್ಷ ಆಗಿದ್ದರೆ, ಸಹಿ ಹಾಕುವವರು ತಮಗೆ ಕೊಟ್ಟ ಅಧಿಕಾರವನ್ನು ಮೀರಿದಂತಾಯಿತು. ಒಂದು ಪದದಿಂದ ಅಧಿಕಾರದ ಅಳತೆಯೇ ಕುಗ್ಗಿಹೋಗುತ್ತದೆ. ಇಂಗ್ಲಿಷ್ ಮೂಲದಲ್ಲಿ 18 ಮಿಲಿಯನ್ ಎಂದಿದ್ದರೆ ಅದನ್ನು ಲಕ್ಷ, ಕೋಟಿಗೆ ತಂದು ಅಕ್ಷರದಲ್ಲೂ ಅಂಕಿಯಲ್ಲೂ ಬರೆಯುವುದು ವಾಡಿಕೆ. ಎರಡೂ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಅನುವಾದಕರಲ್ಲದ ಇನ್ನೊಬ್ಬರು ನೋಡಬೇಕು.

ಮೂರನೆಯ ಪ್ಯಾರಾದ ‘ಸ್ಥಿರೀಕರಿಸಿದೆ’ ಎಂಬುದಕ್ಕೆ ಹಿನ್ನೆಲೆ ಇದೆ. ಐದು ಲಕ್ಷ ಮುಂಗಡ ಕೊಟ್ಟದ್ದು ಸಭೆಗೆ ಮೊದಲು, ಮಂಡಳಿಯ ಒಪ್ಪಿಗೆ ಇಲ್ಲದೆ. ಈಗ ಮಂಡಳಿ ಹಿಂದಿನಿಂದ ಅದಕ್ಕೆ ತನ್ನ ಮುದ್ರೆ ಒತ್ತುತ್ತಿದೆ. ಸರ್ಕಾರಿ ಕಡತಗಳಲ್ಲಿ ಇದನ್ನೇ ‘ಘಟನೋತ್ತರ ಅನುಮೋದನೆ’ ಎನ್ನುತ್ತಾರೆ. ಬರೀ ‘ಅನುಮೋದಿಸಿದೆ’ ಎಂದರೆ ಹಣ ಇನ್ನು ಮುಂದೆ ಕೊಡಬೇಕೆಂಬ ಅರ್ಥ ಬರಬಹುದು. ಲೆಕ್ಕಪರಿಶೋಧಕರಿಗೆ ಬೇಕಾದದ್ದೂ ಈ ವ್ಯತ್ಯಾಸವೇ.

ನಿರ್ಣಯ ಬಿಟ್ಟು ನಡವಳಿಯ ಉಳಿದ ಭಾಗಕ್ಕೆ ಬಂದರೆ, ಅದು ಬೇರೆಯೇ ಬಗೆಯ ಬರವಣಿಗೆ. ಅಲ್ಲಿ ಆಜ್ಞೆ ಇಲ್ಲ, ನಡೆದದ್ದರ ವರದಿ ಇದೆ. ಆದರೆ ವರದಿಯ ಕ್ರಿಯಾಪದಗಳಲ್ಲೂ ದರ್ಜೆಗಳಿವೆ. ಮಂಡಳಿ ಒಂದು ವಿಷಯವನ್ನು ‘ಗಮನಿಸಿತು’, ಒಂದು ಪತ್ರವನ್ನು ‘ದಾಖಲಿಸಿಕೊಂಡಿತು’, ಒಂದು ಲೆಕ್ಕವನ್ನು ‘ಅನುಮೋದಿಸಿತು’, ಹಿಂದಿನ ಸಭೆಯ ನಡವಳಿಯನ್ನು ‘ದೃಢೀಕರಿಸಿತು’. ಕಾರ್ಮಿಕ ಇಲಾಖೆಯಿಂದ ಬಂದ ನೋಟಿಸನ್ನು ಮಂಡಳಿ ಗಮನಿಸಿತು ಎಂದಿದ್ದರೆ, ಅದರ ಅರ್ಥ ನೋಟಿಸಿನಲ್ಲಿ ಹೇಳಿದ್ದನ್ನು ಒಪ್ಪಿತು ಎಂದಲ್ಲ. ಬರವಣಿಗೆ ಏಕತಾನವಾಯಿತೆಂದು ಅನುವಾದಕರು ಚಂದಕ್ಕೆ ಪದ ಬದಲಿಸುವುದುಂಟು. ಕಥೆ ಬರೆಯುವಾಗ ಅದು ಗುಣ. ಇಲ್ಲಿ ಒಂದು ಇಂಗ್ಲಿಷ್ ಕ್ರಿಯಾಪದಕ್ಕೆ ಕೊನೆಯವರೆಗೂ ಒಂದೇ ಕನ್ನಡ ಕ್ರಿಯಾಪದ ಇರಬೇಕು, ಬೇಸರ ಬಂದರೂ ಸರಿ.

ನಮ್ಮ ಕಂಪನಿಯ ಅದೇ ಸಭೆಯಲ್ಲಿ ಇನ್ನೊಂದು ವಿಷಯವೂ ಬಂದಿತ್ತು. ಸರಕು ಸಾಗಣೆಯ ಗುತ್ತಿಗೆಯನ್ನು ಒಂದು ಪಾಲುದಾರಿಕೆ ಸಂಸ್ಥೆಗೆ ಕೊಡುವ ಪ್ರಸ್ತಾಪ. ನಿರ್ದೇಶಕರಲ್ಲಿ ಒಬ್ಬರು ಆ ಸಂಸ್ಥೆಯ ಪಾಲುದಾರರು. ಕಾಯ್ದೆಯ 184ನೇ ಕಲಮಿನಂತೆ ಅವರು ತಮ್ಮ ಸಂಬಂಧವನ್ನು ಸಭೆಗೆ ತಿಳಿಸಿ, ಚರ್ಚೆಯ ಹೊತ್ತಿಗೆ ಹೊರಗೆ ಹೋದರು. ಇಂಗ್ಲಿಷಿನಲ್ಲಿ ಅವರು ‘ಇಂಟರೆಸ್ಟೆಡ್ ಡೈರೆಕ್ಟರ್’. ಇದು ಕನ್ನಡದಲ್ಲಿ ‘ಆಸಕ್ತ ನಿರ್ದೇಶಕರು’ ಆಗಿಬಿಟ್ಟರೆ, ಗುತ್ತಿಗೆಯ ಬಗ್ಗೆ ಬಹಳ ಹುಮ್ಮಸ್ಸಿದ್ದವರನ್ನು ಹೊರಗೆ ಕಳಿಸಿದಂತೆ ಓದಿಸಿಕೊಳ್ಳುತ್ತದೆ. ‘ಸದರಿ ಸಂಸ್ಥೆಯಲ್ಲಿ ಹಿತಾಸಕ್ತಿ ಹೊಂದಿರುವ ನಿರ್ದೇಶಕರು’ ಎನ್ನಬೇಕು.

ಅವರು ಹೊರಗೆ ಹೋದ ಹೊತ್ತಿನ ಕೋರಂ ಲೆಕ್ಕವೂ ನಡವಳಿಯಲ್ಲಿರುತ್ತದೆ. ಮಂಡಳಿಯ ಒಟ್ಟು ಬಲದ ಮೂರನೇ ಒಂದು ಭಾಗ ಅಥವಾ ಇಬ್ಬರು, ಇವುಗಳಲ್ಲಿ ಯಾವುದು ಹೆಚ್ಚೋ ಅದು ಕೋರಂ. ಭಿನ್ನರಾಶಿ ಬಂದರೆ ಅದನ್ನು ಒಂದೆಂದು ಎಣಿಸಬೇಕು. ನಾಲ್ವರಿಗೆ ಇಬ್ಬರು ಸಾಕು. ಒಬ್ಬರು ಅಂದು ಬಂದೇ ಇರಲಿಲ್ಲ, ಒಬ್ಬರು ಹೊರಗೆ, ಒಳಗೆ ಉಳಿದವರು ಇಬ್ಬರು: ಸರಿಯಾಗಿ ಗೆರೆಯ ಮೇಲೆ. ಇಂಥ ಕಡೆ ‘ಅವರು ಸಭೆಯಿಂದ ನಿರ್ಗಮಿಸಿದರು’ ಎಂದಷ್ಟೇ ಬರೆದು ‘ಈ ವಿಷಯದ ಚರ್ಚೆಯ ಅವಧಿಗೆ’ ಎಂಬುದನ್ನು ಬಿಟ್ಟರೆ, ಆಮೇಲೆ ಬಂದ ಜಮೀನಿನ ನಿರ್ಣಯದಲ್ಲಿ ಅವರು ಇದ್ದರೋ ಇಲ್ಲವೋ ಎಂಬ ಗೊಂದಲ ಹುಟ್ಟುತ್ತದೆ. ಬಾರದೆ ಇದ್ದ ನಾಲ್ಕನೆಯವರಿಗೆ ಮಂಡಳಿ ಕೊಟ್ಟದ್ದು ‘ಗೈರುಹಾಜರಿಗೆ ಅನುಮತಿ’. ‘ರಜೆ ಮಂಜೂರು’ ಎಂದು ಬರೆದು ನಿರ್ದೇಶಕರನ್ನು ನೌಕರರನ್ನಾಗಿ ಮಾಡಬಾರದು.

ಇನ್ನೊಂದು ಸೂಕ್ಷ್ಮ ಇದೆ. ಒಳ್ಳೆಯ ಕಾರ್ಯದರ್ಶಿ ಯಾರು ಏನು ಹೇಳಿದರೆಂದು ಎಲ್ಲ ಕಡೆ ಬರೆಯುವುದಿಲ್ಲ. ಬೆಲೆ ಹೆಚ್ಚಾಯಿತೆಂದು ಒಬ್ಬರು ತಕರಾರು ತೆಗೆದರು. ನಡವಳಿಯಲ್ಲಿ ಹೆಸರಿಲ್ಲದೆ, ಹಾಗೊಂದು ಮಾತು ಬಂತು ಎಂದಷ್ಟೇ ಇದೆ. ಇದು ಬೇಕೆಂದೇ ಮಾಡಿದ್ದು. ಕನ್ನಡ ವಾಕ್ಯ ಕರ್ತೃವನ್ನು ಬೇಡುತ್ತದೆಂದು ಅನುವಾದಕರು ಹಿಂದಿನ ಸಾಲಿನಿಂದ ಊಹಿಸಿ ‘ಹಣಕಾಸು ನಿರ್ದೇಶಕರು ಹೇಳಿದರು’ ಎಂದು ತುಂಬಿದರೆ, ಆಡದ ಮಾತನ್ನು ಆಡಿಸಿದಂತೆ. ‘ಬೆಲೆಯು ಹೆಚ್ಚೆಂಬ ಅಭಿಪ್ರಾಯ ವ್ಯಕ್ತವಾಯಿತು’ ಎಂದರೆ ಕನ್ನಡವೂ ಉಳಿಯಿತು, ಮೌನವೂ ಉಳಿಯಿತು. ಹಾಗೆಯೇ ಸಂಘದ ಸಭೆಗಳ ಅಭ್ಯಾಸದಿಂದ ‘ಸೂಚಕರು’, ‘ಅನುಮೋದಕರು’ ಎಂದು ಎರಡು ಹೆಸರು ಸೇರಿಸುವವರಿದ್ದಾರೆ. ‘ಸರ್ವಾನುಮತದಿಂದ’ ಎಂಬುದೂ ಕೈ ತಪ್ಪಿ ಬಂದುಬಿಡುತ್ತದೆ. ಮೂಲದಲ್ಲಿ ಇಲ್ಲದ ಸರ್ವಾನುಮತವನ್ನು ಅನುವಾದದಲ್ಲಿ ಹುಟ್ಟಿಸುವ ಹಕ್ಕು ಯಾರಿಗೂ ಇಲ್ಲ.

ಇಷ್ಟೆಲ್ಲ ಸರಿಯಾದರೂ ಹೆಸರುಗಳಲ್ಲಿ ಕೆಲಸ ಕೆಡಬಹುದು. ಇಂಗ್ಲಿಷ್ ಲಿಪಿ ಲ-ಳ, ನ-ಣ, ಹ್ರಸ್ವ-ದೀರ್ಘ ಯಾವುದನ್ನೂ ತೋರಿಸುವುದಿಲ್ಲ. ಕೋಲಾರ ಜಿಲ್ಲೆಯ ಮಾಲೂರು, ಚನ್ನಪಟ್ಟಣದ ಕಡೆಯ ಮಳೂರು ಎರಡೂ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ. ಹೆಗಡೆಯೋ ಹೆಗ್ಡೆಯೋ ಎಂಬುದನ್ನು ಊಹೆಯಿಂದ ತೀರ್ಮಾನಿಸುವಂತಿಲ್ಲ. ಆದ್ದರಿಂದ ಕೆಲಸಕ್ಕೆ ಕೂರುವ ಮೊದಲೇ ಕಾರ್ಯದರ್ಶಿಯಿಂದ ಕೆಲವು ಕಾಗದಗಳನ್ನು ಕೇಳಿ ತರಿಸಿಕೊಳ್ಳಬೇಕು: ಗ್ರಾಮ, ಹೋಬಳಿ, ಸರ್ವೆ ನಂಬರಿಗೆ ಪಹಣಿ ಮತ್ತು ಮೂಲ ಕ್ರಯಪತ್ರ, ನಿರ್ದೇಶಕರ ಹೆಸರಿಗೆ ಆಧಾರ್ ಕಾರ್ಡಿನ ಕನ್ನಡದ ಸಾಲು. ಕಂಪನಿಯ ಹೆಸರನ್ನು ಅನುವಾದಿಸಬಾರದು, ಉಚ್ಚಾರದಂತೆ ಬರೆಯಬೇಕು. ‘ಪ್ರೈವೇಟ್ ಲಿಮಿಟೆಡ್’ ಎಂಬುದೂ ಹೆಸರಿನ ಭಾಗವೇ. ಅದನ್ನು ‘ಖಾಸಗಿ ನಿಯಮಿತ’ ಮಾಡಿದರೆ ನೋಂದಣಿಯಾದ ಹೆಸರಲ್ಲದ ಇನ್ನೊಂದು ಹೆಸರಾಯಿತು. ಕಾಗುಣಿತಕ್ಕೆ ಕಾರ್ಖಾನೆಯ ಬಾಗಿಲನ್ನೇ ನೋಡಬಹುದು. ಸ್ಥಳೀಯ ಬಳಕೆಯ ಲಿಪಿಯಲ್ಲೂ ಹೆಸರಿನ ಫಲಕ ಇರಬೇಕೆಂದು ಕಾಯ್ದೆಯ 12ನೇ ಕಲಮು ಹೇಳುವುದರಿಂದ, ಕಂಪನಿ ತನ್ನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆದುಕೊಂಡಿದೆ ಎಂಬುದು ಅಲ್ಲೇ ಇರುತ್ತದೆ.

ಹೀಗೆ ಪಹಣಿ ಮುಂದಿಟ್ಟುಕೊಂಡು ಕೂತಾಗಲೇ ಇಂಗ್ಲಿಷ್ ಮೂಲದ ತಪ್ಪುಗಳೂ ಸಿಗುತ್ತವೆ. ನಮ್ಮ ಉದಾಹರಣೆಯಲ್ಲಿ ಪಹಣಿಯ ಪ್ರಕಾರ ಸರ್ವೆ ನಂಬರ್ 48/2. ನಡವಳಿಯಲ್ಲಿ 84/2 ಎಂದು ಬಿದ್ದಿದೆ. ಟೈಪ್ ಮಾಡುವಾಗ ಅಂಕಿ ಹಿಂದುಮುಂದಾಗಿದೆ ಎಂಬುದು ಎಲ್ಲರಿಗೂ ಗೊತ್ತು. ಕನ್ನಡದಲ್ಲಿ ಸುಮ್ಮನೆ 48/2 ಎಂದು ಬರೆದುಬಿಟ್ಟರೆ? ಆಗ ಅದು ಮೂಲಕ್ಕೆ ತಾಳೆಯಾಗದ ಅನುವಾದ; ‘ಮೂಲಕ್ಕೆ ನಿಷ್ಠವಾದ ಭಾಷಾಂತರ’ ಎಂಬ ಕೆಳಗಿನ ದೃಢೀಕರಣವೇ ಸುಳ್ಳಾಗುತ್ತದೆ. 84/2 ಎಂದೇ ಬರೆದರೆ ಕಂಪನಿಯ ಅಧಿಕಾರ ಯಾರದೋ ಜಮೀನಿಗೆ ಸಿಕ್ಕಿದಂತಾಗುತ್ತದೆ. ಅನುವಾದಕರು ಮಾಡಬೇಕಾದದ್ದು ಕೆಲಸ ನಿಲ್ಲಿಸಿ ಕಾರ್ಯದರ್ಶಿಗೆ ಬರೆದು ತಿಳಿಸುವುದು.

ಮುಂದಿನದು ಸಭೆ ಮುಗಿದು ಎಷ್ಟು ದಿನವಾಯಿತು ಎಂಬುದರ ಮೇಲಿದೆ. ಕರಡು ನಡವಳಿಯನ್ನು ಸಭೆ ಮುಗಿದ 15 ದಿನಗಳೊಳಗೆ ನಿರ್ದೇಶಕರಿಗೆ ಕಳಿಸಬೇಕು, ಅವರು 7 ದಿನಗಳಲ್ಲಿ ಅಭಿಪ್ರಾಯ ತಿಳಿಸಬೇಕು, 30 ದಿನಗಳೊಳಗೆ ಅದು ಪುಸ್ತಕಕ್ಕೆ ಏರಬೇಕು. ಇನ್ನೂ ಕರಡಿನ ಹಂತದಲ್ಲಿದ್ದರೆ, ಸಭೆ ನಿಜವಾಗಿ ಒಪ್ಪಿದ್ದು 48/2ಕ್ಕೇ ಆಗಿದ್ದರೆ, ಅಲ್ಲೇ ತಿದ್ದಬಹುದು. ಪುಸ್ತಕಕ್ಕೆ ಏರಿದ ಮೇಲೆ ಕಾರ್ಯದರ್ಶಿಯೂ ತಾವಾಗಿ ಮುಟ್ಟುವಂತಿಲ್ಲ. ಮುಂದಿನ ಸಭೆಯಲ್ಲಿ ಮಂಡಳಿಯ ಸ್ಪಷ್ಟ ಒಪ್ಪಿಗೆ ಪಡೆದು ಬದಲಿಸಬೇಕು. ನಡವಳಿಯನ್ನು ತಿರುಚಿದವರಿಗೆ ಎರಡು ವರ್ಷದವರೆಗಿನ ಸೆರೆಮನೆ ವಾಸ ಮತ್ತು ದಂಡ ಎಂದು 118ನೇ ಕಲಮೇ ಹೇಳಿದೆ. ಸಭೆ ಕರೆಯಲು ಸಾಮಾನ್ಯವಾಗಿ ಏಳು ದಿನ ಮುಂಚೆ ನೋಟಿಸು ಬೇಕು, ಅಷ್ಟು ದಿನ ನೋಂದಣಿಯೂ ಮುಂದಕ್ಕೆ ಹೋಗುತ್ತದೆ. ಮಾರುವವರು ಗೊಣಗುತ್ತಾರೆ.

ತಿದ್ದುಪಡಿಯಾದ ಮೇಲೆ ಕಾರ್ಯದರ್ಶಿ ಇಂಗ್ಲಿಷ್ ನಿರ್ಣಯದ ದೃಢೀಕೃತ ಪ್ರತಿಯನ್ನು ಹೊಸದಾಗಿ ತೆಗೆದು ಸಹಿ ಮಾಡುತ್ತಾರೆ. ಕನ್ನಡ ಪ್ರತಿಯ ತಲೆಯ ಮೇಲೆ ‘ಭಾಷಾಂತರ’ ಎಂದಿರಬೇಕು. ಮೊದಲ ಸಭೆಯ ದಿನಾಂಕ, ತಿದ್ದುಪಡಿಗೆ ಒಪ್ಪಿದ ಸಭೆಯ ದಿನಾಂಕ, ಭಾಷಾಂತರ ಮಾಡಿದ ದಿನಾಂಕ ಮೂರೂ ಬೇರೆಬೇರೆಯಾಗಿ ಕಾಣಬೇಕು. ಎರಡರ ನಡುವೆ ವ್ಯತ್ಯಾಸ ಕಂಡರೆ ಇಂಗ್ಲಿಷ್ ಪಾಠವೇ ಮೂಲ ಎಂಬ ಒಂದು ಸಾಲು, ಅದರ ಕೆಳಗೆ ಭಾಷಾಂತರಕಾರರ ಸಹಿ. ಇಂಗ್ಲಿಷ್ ಪ್ರತಿಯನ್ನು ಮೇಲಿಟ್ಟು ಎರಡನ್ನೂ ಒಟ್ಟಿಗೆ ಪಿನ್ ಮಾಡಿ ನೋಂದಣಿ ಕಚೇರಿಗೆ ಕೊಂಡೊಯ್ಯುತ್ತಾರೆ. ನಡವಳಿ ಪುಸ್ತಕಕ್ಕೆ ಮಾತ್ರ ಭಾಷಾಂತರವನ್ನು ಅಂಟಿಸುವುದಿಲ್ಲ. ಅದು ಕಂಪನಿಯ ಬೇರೆ ಕಡತದಲ್ಲಿ ಉಳಿಯುತ್ತದೆ.